'ಈಟ್ ಅಪ್'ನಲ್ಲಿ ಮೇಲೆ ಎಲ್ಲಿದೆ?

ಪ್ರಶ್ನೆ: ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಗೈಡಿನಲ್ಲಿ 400 ಫ್ರೇಸಲ್ ವರ್ಬ್‌ಗಳನ್ನು ಎ ಯಿಂದ ಝೆಡ್‌ವರೆಗೆ ಕೊಟ್ಟಿದ್ದಾರೆ. ಮೂರು ಸಲ ಬಾಯಿಪಾಠಕ್ಕೆ ಕುಳಿತೆ, ಮೂರು ಸಲವೂ 'ಸಿ' ಅಕ್ಷರ ದಾಟಲಿಲ್ಲ. ಅಪ್, ಆಫ್, ಔಟ್ ಇವುಗಳ ಅರ್ಥ ಹಿಡಿದು ಗುಂಪು ಮಾಡಿ ಕಲಿಯಿರಿ ಎಂದು ಒಬ್ಬ ಮೇಷ್ಟರು ಹೇಳಿದರು. ಆದರೆ 'ಅಪ್' ಎಂದರೆ 'ಮೇಲೆ' ತಾನೇ? 'ಈಟ್ ಅಪ್'ನಲ್ಲಿ ಮೇಲೆ ಎಲ್ಲಿದೆ? ಈ ದಾರಿ ನಿಜವಾಗಿ ಕೆಲಸ ಮಾಡುತ್ತದೆಯೇ?

ಉತ್ತರ: 'ಈಟ್ ಅಪ್'ನಲ್ಲಿ ಇರುವುದು ಮೇಲೆ ಅಲ್ಲ, ಪೂರ್ತಿ. ತಟ್ಟೆಯಲ್ಲಿ ಎರಡು ತುತ್ತು ಉಳಿಸಿ ಏಳಲು ಹೊರಟ ಮಗುವಿಗೆ ತಾಯಿ "ತಿನ್ನು" ಎನ್ನುವುದಿಲ್ಲ, "ತಿಂದುಬಿಡು" ಎನ್ನುತ್ತಾಳೆ. ಆ 'ಬಿಡು' ಇಲ್ಲಿ ಕೈಬಿಡುವುದನ್ನು ಹೇಳುತ್ತಿಲ್ಲ. ತಿನ್ನುವ ಕೆಲಸವನ್ನು ಕೊನೆ ಮುಟ್ಟಿಸು, ಏನೂ ಉಳಿಯದಿರಲಿ ಎಂದು ಹೇಳುತ್ತಿದೆ. ಇಂಗ್ಲಿಷಿನ ತಾಯಿ 'ಈಟ್ ಅಪ್' ಎಂದಾಗ 'ಅಪ್' ಮಾಡುತ್ತಿರುವುದೂ ಇದನ್ನೇ. ನಿಮ್ಮ ಪ್ರಶ್ನೆಯ ಬಹುಪಾಲಿಗೆ ಉತ್ತರ ಈ ಒಂದು ಹೋಲಿಕೆಯಲ್ಲಿದೆ. ಆದರೆ ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿಯದೆ ಬಳಸಿದರೆ ತೊಂದರೆಯೂ ಆದೀತು. ಎಲ್ಲ ಪಾರ್ಟಿಕಲ್‌ಗಳನ್ನೂ ಒಂದೊಂದು ಸಾಲಿನಲ್ಲಿ ಮುಟ್ಟಿ ಹೋಗುವುದಕ್ಕಿಂತ, ಕ್ರಿಯಾಪದದ ಬಾಲದಂತೆ ಬರುವ ಈ ಪುಟ್ಟ ಪದಗಳ ಪೈಕಿ ಅತ್ಯಂತ ತಲೆನೋವಿನದಾದ 'ಅಪ್' ಒಂದನ್ನೇ ನಿಧಾನವಾಗಿ ನೋಡೋಣ.

ಮೊದಲು, ನೀವು 'ಸಿ' ದಾಟದಿರಲು ಕಾರಣ. ಅಕಾರಾದಿ ಪಟ್ಟಿಯಲ್ಲಿ ಜೋಡಣೆಯ ಆಧಾರ ಕ್ರಿಯಾಪದದ ಮೊದಲ ಅಕ್ಷರ. 'ಬರ್ನ್ ಅಪ್' ಎಂಬುದು 'ಬಿ'ಯಲ್ಲಿ, 'ಈಟ್ ಅಪ್' 'ಇ'ಯಲ್ಲಿ, 'ಟೇರ್ ಅಪ್' 'ಟಿ'ಯಲ್ಲಿ, 'ಯೂಸ್ ಅಪ್' 'ಯು'ನಲ್ಲಿ ಬರುತ್ತವೆ. ಈ ನಾಲ್ಕರಲ್ಲೂ 'ಅಪ್' ಮಾಡುವ ಕೆಲಸ ಒಂದೇ: ಸುಟ್ಟು ಮುಗಿಯಿತು, ತಿಂದು ಮುಗಿಯಿತು, ಹರಿದು ಚೂರಾಯಿತು, ಬಳಸಿ ಬರಿದಾಯಿತು. ಒಂದೇ ಮನೆಯ ನಾಲ್ವರನ್ನು ನಾಲ್ಕು ಊರಿನಲ್ಲಿ ಇರಿಸಿ, ಅವರ ನಡುವೆ ನೂರಾರು ಅಪರಿಚಿತರನ್ನು ತುಂಬಿದಂತಾಯಿತು. ಅದೇ ಸಮಯಕ್ಕೆ 'ಬ್ರೇಕ್ ಡೌನ್', 'ಬ್ರೇಕ್ ಇನ್', 'ಬ್ರೇಕ್ ಆಫ್', 'ಬ್ರೇಕ್ ಔಟ್', 'ಬ್ರೇಕ್ ಅಪ್' ಎಂಬ ಐವರು ಒಬ್ಬರ ಬೆನ್ನಿಗೊಬ್ಬರು ಬರುತ್ತಾರೆ. ಅವರ ಮುಖ ಒಂದೇ, ಸ್ವಭಾವ ಬೇರೆ ಬೇರೆ. ಇವು ಒಂದರೊಳಗೊಂದು ಕಲಸಿಹೋಗುವುದು ನಿಮ್ಮ ನೆನಪಿನ ದೋಷವಲ್ಲ, ಜೋಡಣೆಯ ದೋಷ.

ಇನ್ನೊಂದು ಲೆಕ್ಕವನ್ನು ನೋಡಿ. ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಎಂಬ ಭಾಷಾವಿದ್ವಾಂಸರು ಹತ್ತು ಕೋಟಿ ಪದಗಳ ಬ್ರಿಟಿಷ್ ಇಂಗ್ಲಿಷ್ ಪಠ್ಯಸಂಗ್ರಹವನ್ನು ಸೋಸಿ, 2007ರಲ್ಲಿ ತಮ್ಮ ಎಣಿಕೆಯನ್ನು ಪ್ರಕಟಿಸಿದರು. ಅದರ ಪ್ರಕಾರ ಕೇವಲ 20 ಕ್ರಿಯಾಪದಗಳು ಕೇವಲ 8 ಪಾರ್ಟಿಕಲ್‌ಗಳ ಜೊತೆ ಸೇರಿ, ಆ ಸಂಗ್ರಹದಲ್ಲಿ ಕಂಡ ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಹೆಚ್ಚು ಭಾಗವಾಗುತ್ತವೆ. ಗಟ್ಟಿಯಾಗಿ ಹಿಡಿಯಬೇಕಾದ ಪಾರ್ಟಿಕಲ್‌ಗಳು ಬೆರಳೆಣಿಕೆಯಷ್ಟೇ ಎಂದು ಇದರಿಂದ ತಿಳಿಯುತ್ತದೆ. ನಿಮ್ಮ 400ರ ಪಟ್ಟಿಯನ್ನು ಹಾಗೆ ವಿಂಗಡಿಸಿದರೆ ಅತ್ಯಂತ ದಪ್ಪನೆಯ ಕಂತೆಗಳಲ್ಲಿ ಒಂದು 'ಅಪ್'ನದೇ ಆಗಿರುತ್ತದೆ.

ಈಗ 'ಅಪ್'ಗೆ ಬರುವೆ. ನೀವು ಈಗಾಗಲೇ ಕನ್ನಡದೊಳಗೆ ಬಳಸುವ 'ಪಿಕಪ್' ಎಂಬ ಮಾತಿನಿಂದಲೇ ಆರಂಭಿಸಬಹುದು. "ಸ್ಟೇಷನ್ನಿನಿಂದ ಪಿಕಪ್ ಮಾಡು" ಎಂದಾಗ ಒಬ್ಬರನ್ನು ವಾಹನಕ್ಕೆ ಹತ್ತಿಸಿಕೊಳ್ಳುವುದು, ಅಂದರೆ ನೆಲದಿಂದ ಮೇಲಕ್ಕೆ ಎತ್ತಿಕೊಳ್ಳುವುದು ಅದರ ಮೂಲ ಚಿತ್ರ. "ಈ ಗಾಡಿಯ ಪಿಕಪ್ ಚೆನ್ನಾಗಿದೆ" ಎಂದಾಗ ಯಾರನ್ನೂ ಎತ್ತುವ ಮಾತಿಲ್ಲ. ವೇಗ ಬೇಗನೆ ಹೆಚ್ಚುತ್ತದೆ ಎಂದರ್ಥ. ಒಂದೇ ಪದದಲ್ಲಿ 'ಅಪ್'ನ ಎರಡು ಅರ್ಥಗಳನ್ನು ಮೆಕ್ಯಾನಿಕ್ ಅಂಗಡಿಯ ಹುಡುಗನೂ ತಪ್ಪಿಲ್ಲದೆ ಬಳಸುತ್ತಾನೆ.

ಮೇಲಕ್ಕೆ ಹೋಗುವುದು ಮತ್ತು ಹೆಚ್ಚಾಗುವುದು ಎಂಬ ಈ ಎರಡು ಅರ್ಥಗಳು ಕನ್ನಡಿಗರಿಗೆ ಕಷ್ಟವಾಗುವುದೇ ಇಲ್ಲ, ಏಕೆಂದರೆ ನಮ್ಮಲ್ಲೂ ಬೆಲೆ ಏರುತ್ತದೆ, ಜ್ವರ ಏರುತ್ತದೆ, ದನಿ ಏರುತ್ತದೆ. 'ಗೋ ಅಪ್', 'ಸ್ಪೀಕ್ ಅಪ್', 'ಸ್ಪೀಡ್ ಅಪ್' ಇವೆಲ್ಲ ಆ 'ಏರು'ವಿನ ಕೆಳಗೆ ನಿಲ್ಲುತ್ತವೆ. ಮೂರನೆಯದು ಕಣ್ಣಿಗೆ ಬೀಳುವುದು, ಗಮನಕ್ಕೆ ಬರುವುದು, ಇಲ್ಲದ್ದು ಉಂಟಾಗುವುದು: 'ಟರ್ನ್ ಅಪ್', 'ಶೋ ಅಪ್', 'ಕ್ರಾಪ್ ಅಪ್', 'ಬ್ರಿಂಗ್ ಅಪ್', 'ಸೆಟ್ ಅಪ್'. ಇದೂ ನಮಗೆ ಹೊಸದಲ್ಲ. ಸಮಸ್ಯೆ ತಲೆಯೆತ್ತುತ್ತದೆ, ಸಭೆಯಲ್ಲಿ ಒಬ್ಬರು ವಿಷಯ ಎತ್ತುತ್ತಾರೆ. ಕೆಳಗೆ ಹುದುಗಿದ್ದುದು ಮೇಲೆ ಬಂದರೆ ಕಾಣುತ್ತದೆ ಎಂಬ ಚಿತ್ರ ಎರಡೂ ಭಾಷೆಗಳಲ್ಲಿದೆ. ನಾಲ್ಕನೆಯದು ಒಬ್ಬರ ಮಟ್ಟಕ್ಕೆ ತಲುಪುವುದು: ಹಿಂದೆ ಬಿದ್ದವನು ಮುಂದಿನವನನ್ನು ಸರಿಗಟ್ಟಿದರೆ 'ಕ್ಯಾಚ್ ಅಪ್', ಸರಿಸಮನಾಗಿ ಉಳಿದರೆ 'ಕೀಪ್ ಅಪ್'. ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರು "ಫೈಲ್ ಪುಟ್ ಅಪ್ ಮಾಡಿದ್ದೇನೆ" ಎನ್ನುವುದನ್ನು ನೀವು ಕೇಳಿರಬಹುದು. ಕಡತ ಮೇಲಧಿಕಾರಿಯ ಮೇಜಿಗೆ ಹೋಗಿದೆ ಎಂದರ್ಥ. ಅಲ್ಲಿ 'ಅಪ್' ಅಧಿಕಾರದ ಏಣಿಯ ಮೇಲ್ಮೆಟ್ಟಿಲನ್ನು ತೋರುತ್ತದೆ.

ತೊಡಕು ಬರುವುದು ಐದನೆಯದರಲ್ಲಿ, ಅಂದರೆ ಪೂರ್ತಿಯಾಗುವುದರಲ್ಲಿ. ಕನ್ನಡದಲ್ಲಿ ಪೂರ್ತಿಗೂ ಮೇಲಕ್ಕೂ ಇಂಥ ನಂಟಿಲ್ಲ. ನಾವು ಪೂರ್ತಿಯನ್ನು ಬಿಡು, ಹಾಕು, ಹೋಗು ಎಂಬ ಸಹಾಯಕ ಕ್ರಿಯಾಪದಗಳಿಂದ ಹೇಳುತ್ತೇವೆ. ಹಾಗಾಗಿ 'ಈಟ್ ಅಪ್' ಕಂಡ ಕೂಡಲೇ 'ಮೇಲೆ ಎಲ್ಲಿದೆ' ಎಂದು ನೀವು ಹುಡುಕಿದ್ದು ಸಹಜವೇ. ಇಂಗ್ಲಿಷಿನಲ್ಲಿ ಈ ಎರಡು ಅರ್ಥಗಳು ಹೇಗೆ ಒಂದೇ ಪದದಲ್ಲಿ ಕೂಡುತ್ತವೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಲು ಕೊಡಕ್ಕೆ ನೀರು ಹಿಡಿಯುವುದನ್ನು ನೆನೆಯಿರಿ. ನೀರು ಮೇಲೇರುತ್ತದೆ, ಅಂಚಿಗೆ ಬಂದಾಗ ಕೊಡ ತುಂಬುತ್ತದೆ. ಏರುವುದೂ ತುಂಬುವುದೂ ಒಂದೇ ಘಟನೆಯ ಎರಡು ಮುಖಗಳು. 'ಫಿಲ್ ಅಪ್' ಎಂಬಲ್ಲಿ 'ಅಪ್'ಗೆ ಮೇಲೆ ಎಂದು ಅರ್ಥ ಹೇಳಿದರೂ ಸರಿ, ಪೂರ್ತಿ ಎಂದರೂ ಸರಿ. ಮೊಬೈಲಿನ 'ಟಾಪಪ್' ಕೂಡ ಇದೇ ಚಿತ್ರ. ಮಗು ಬೆಳೆದು ದೊಡ್ಡದಾಗುವ 'ಗ್ರೋ ಅಪ್'ನಲ್ಲೂ ಎತ್ತರ ಏರುವುದು ಮತ್ತು ಬೆಳವಣಿಗೆ ಪೂರ್ತಿಯಾಗುವುದು ಒಟ್ಟಿಗೆ ನಡೆಯುತ್ತವೆ. ಇಂಥ ಎರಡರ್ಥದ ಪದಗಳೇ ಸೇತುವೆ; ಅದನ್ನು ದಾಟಿದ ಮೇಲೆ 'ಯೂಸ್ ಅಪ್'ನಲ್ಲಿ ಮೇಲೆ ಎಂಬುದು ಪೂರ್ತಿಯಾಗಿ ಮರೆಯಾಗಿದ್ದರೂ ಆಶ್ಚರ್ಯವಿಲ್ಲ. ಇದು ನಾನು ಕಟ್ಟಿದ ಕಲ್ಪನೆಯಲ್ಲ. ಪಾರ್ಟಿಕಲ್‌ಗಳ ಅರ್ಥಗಳು ಹೀಗೆ ಒಂದರಿಂದೊಂದು ಕವಲೊಡೆಯುತ್ತವೆ ಎಂದು ಸೂಸನ್ ಲಿಂಡ್ನರ್ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯಲ್ಲಿ 1981ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ 'ಅಪ್' ಮತ್ತು 'ಔಟ್' ಎರಡನ್ನೇ ಹಿಡಿದು ವಿವರವಾಗಿ ತೋರಿಸಿದ್ದಾರೆ.

ಪೂರ್ತಿಯ ಗುಂಪಿನೊಳಗೆ ಮೂರು ಬಗೆಗಳನ್ನು ಗುರುತಿಸಿಕೊಂಡರೆ ಹೆಚ್ಚಿನವು ಹಿಡಿತಕ್ಕೆ ಬರುತ್ತವೆ. ಮೊದಲನೆಯದರಲ್ಲಿ ವಸ್ತು ಬರಿದಾಗುತ್ತದೆ: 'ಈಟ್ ಅಪ್', 'ಡ್ರಿಂಕ್ ಅಪ್', 'ಯೂಸ್ ಅಪ್'. ಕನ್ನಡದಲ್ಲಿ ಇದಕ್ಕೆ ತಿಂದುಬಿಡು, ಕುಡಿದುಬಿಡು, ಖರ್ಚಾಗಿಹೋಗು ಎನ್ನುತ್ತೇವೆ. ಎರಡನೆಯದರಲ್ಲಿ ವಸ್ತು ಚೂರಾಗುತ್ತದೆ: 'ಟೇರ್ ಅಪ್', 'ಕಟ್ ಅಪ್', 'ಚಾಪ್ ಅಪ್'. ಇಲ್ಲಿ ನಮ್ಮ 'ಹಾಕು' ಚೆನ್ನಾಗಿ ಒದಗುತ್ತದೆ, ಪತ್ರವನ್ನು ಹರಿದುಹಾಕು ಎಂಬಂತೆ. ಬರಿದೆ 'ಟೇರ್' ಎಂದರೆ ಅಂಗಿ ಮೊಳೆಗೆ ಸಿಕ್ಕಿ ಒಂದೆಡೆ ಹರಿದಿರಬಹುದು; 'ಟೇರ್ ಅಪ್' ಎಂದ ಮೇಲೆ ಅದು ಚೂರುಚೂರಾಗಿರಲೇಬೇಕು. ಮೂರನೆಯದರಲ್ಲಿ ಬಾಯಿ ಮುಚ್ಚುತ್ತದೆ, ಗಂಟು ಬೀಳುತ್ತದೆ, ದಾರಿ ಕಟ್ಟುತ್ತದೆ: 'ಟೈ ಅಪ್', 'ಸೀಲ್ ಅಪ್', 'ಲಾಕ್ ಅಪ್', 'ರ‍್ಯಾಪ್ ಅಪ್'. ಪೊಲೀಸ್ ಠಾಣೆಯ ಲಾಕಪ್ಪು, ಸಿನಿಮಾ ಚಿತ್ರೀಕರಣ ಮುಗಿದಾಗ ಕೂಗುವ ಪ್ಯಾಕಪ್ಪು ಇವೆರಡೂ ಈ ಬಗೆಯವೇ.

ಈ ಗುಂಪನ್ನು ಸರಿಯಾಗಿ ಬಳಸಲು ತಿಳಿದಿರಬೇಕಾದ ಒಂದು ನಿಯಮ ಗೈಡುಗಳಲ್ಲಿ ಸಿಗುವುದು ಅಪರೂಪ. ಪೂರ್ತಿ ಎನ್ನಬೇಕಾದರೆ ಇಷ್ಟು ಎಂಬ ಗಡಿ ಇರಬೇಕು. 'ಹಿ ಏಟ್ ಅಪ್ ದಿ ಇಡ್ಲೀಸ್' ಸರಿ, ಏಕೆಂದರೆ 'ದಿ' ಎಂಬುದು ತಟ್ಟೆಯಲ್ಲಿದ್ದ ಆ ಇಡ್ಲಿಗಳು ಎಂದು ಗಡಿ ಹಾಕುತ್ತದೆ. ಗಡಿಯಿಲ್ಲದೆ 'ಹಿ ಏಟ್ ಅಪ್ ಇಡ್ಲೀಸ್' ಎಂದರೆ ಇಂಗ್ಲಿಷ್ ಕಿವಿಗೆ ಅದು ಒಪ್ಪುವುದಿಲ್ಲ. ಪರೀಕ್ಷಿಸುವ ಸುಲಭ ಉಪಾಯ ಕಾಲದ ಪದಗಳನ್ನು ಸೇರಿಸುವುದು. 'ಇನ್ ಟೆನ್ ಮಿನಿಟ್ಸ್' ಎಂದರೆ ಹತ್ತು ನಿಮಿಷದೊಳಗೆ, 'ಫಾರ್ ಟೆನ್ ಮಿನಿಟ್ಸ್' ಎಂದರೆ ಹತ್ತು ನಿಮಿಷದ ಕಾಲ. 'ಏಟ್ ಅಪ್ ದಿ ಇಡ್ಲೀಸ್' ಎಂಬುದಕ್ಕೆ ಮೊದಲನೆಯದು ಹೊಂದುತ್ತದೆ, ಎರಡನೆಯದು ಹೊಂದುವುದಿಲ್ಲ. ಕನ್ನಡದಲ್ಲೂ ಹಾಗೆಯೇ ಅಲ್ಲವೇ? "ಹತ್ತು ನಿಮಿಷದಲ್ಲಿ ತಿಂದುಬಿಟ್ಟ" ಎನ್ನುತ್ತೇವೆ. "ಹತ್ತು ನಿಮಿಷದ ಕಾಲ ತಿಂದುಬಿಟ್ಟ" ಎಂದರೆ, ಅಷ್ಟು ಹೊತ್ತು ತಿಂದನಲ್ಲ ಎಂಬ ಬೆರಗನ್ನು ಹೇಳುವ ಹೊರತು, ಮಾತು ತೊಡರುತ್ತದೆ. ಕರ್ಮಪದವೇ ಇಲ್ಲದ 'ಡ್ರಿಂಕ್ ಅಪ್' ಎಂಬ ಮಾತಿನಲ್ಲೂ ಗಡಿ ಅಡಗಿದೆ: ನಿನ್ನ ಲೋಟದಲ್ಲಿರುವಷ್ಟು.

ಈಗ ಹೋಲಿಕೆ ಕೈಕೊಡುವ ಜಾಗ. 'ಬಿಡು' ಎಂಬುದು ಪೂರ್ತಿಯನ್ನಷ್ಟೇ ಹೇಳುವುದಿಲ್ಲ. ಎಣಿಸದೆ ನಡೆದುಹೋಯಿತು ಎಂಬ ಬೆರಗನ್ನೂ ಪೇಚಾಟವನ್ನೂ ಹೇಳುತ್ತದೆ. "ಬಸ್ಸಿನಲ್ಲಿ ನಿದ್ದೆ ಮಾಡಿಬಿಟ್ಟೆ", "ಮೆಟ್ಟಿಲಲ್ಲಿ ಬಿದ್ದುಬಿಟ್ಟ" ಎಂಬ ವಾಕ್ಯಗಳ 'ಬಿಡು'ವಿಗೆ 'ಅಪ್' ಅಂಟಿಸಿ 'ಸ್ಲೀಪ್ ಅಪ್', 'ಫಾಲ್ ಅಪ್' ಎಂದರೆ ನಗೆಪಾಟಲಾಗುತ್ತದೆ. "ಗುಟ್ಟನ್ನು ಹೇಳಿಬಿಟ್ಟ" ಎಂಬುದಕ್ಕೆ ಇಂಗ್ಲಿಷಿನಲ್ಲಿ ಬೇಕಾದದ್ದು 'ಅಪ್' ಅಲ್ಲ, 'ಔಟ್': 'ಬ್ಲರ್ಟ್ ಔಟ್', ಒಳಗಿದ್ದುದು ಹೊರಬಿತ್ತು. ಆದುದರಿಂದ ಈ ಸೇತುವೆಯ ಮೇಲೆ ಒಂದೇ ದಿಕ್ಕಿನ ಸಂಚಾರ. ಇಂಗ್ಲಿಷ್ ವಾಕ್ಯದಲ್ಲಿ 'ಅಪ್' ಕಂಡಾಗ ಕನ್ನಡದ 'ಬಿಡು, ಹಾಕು, ಹೋಗು' ಇಟ್ಟು ಅರ್ಥ ನೋಡಿಕೊಳ್ಳಿ; ಕನ್ನಡದ 'ಬಿಡು' ಕಂಡಲ್ಲೆಲ್ಲ ಇಂಗ್ಲಿಷಿನಲ್ಲಿ 'ಅಪ್' ಹಚ್ಚಬೇಡಿ. ಇಂಗ್ಲಿಷಿನಲ್ಲೂ ಎಲ್ಲ ಕ್ರಿಯಾಪದಗಳು ಪೂರ್ತಿಯ 'ಅಪ್' ಅನ್ನು ಸೇರಿಸಿಕೊಳ್ಳುವುದಿಲ್ಲ. 'ರೀಡ್ ಅಪ್' ಎಂದರೆ ಪುಸ್ತಕ ಓದಿ ಮುಗಿಸುವುದಲ್ಲ, ಒಂದು ವಿಷಯದ ಬಗ್ಗೆ ಓದಿ ಮಾಹಿತಿ ಕೂಡಿಹಾಕುವುದು. ಕೊನೆಯವರೆಗೆ ಓದುವುದಕ್ಕೆ 'ರೀಡ್ ಥ್ರೂ' ಎನ್ನುತ್ತಾರೆ.

ಪಾರ್ಟಿಕಲ್‌ನ ಅರ್ಥ ಎಷ್ಟು ಕೆಲಸ ಮಾಡುತ್ತದೆ ಎಂಬುದು ಒಂದೇ ಕ್ರಿಯಾಪದಕ್ಕೆ ಮೂರು ಪಾರ್ಟಿಕಲ್‌ಗಳನ್ನು ಹಚ್ಚಿ ನೋಡಿದಾಗ ಸ್ಪಷ್ಟವಾಗುತ್ತದೆ. 'ಡ್ರೈ' ಎಂಬುದನ್ನು ತೆಗೆದುಕೊಳ್ಳೋಣ. 'ಆಫ್' ಎಂದರೆ ಮೇಲ್ಮೈಗೆ ಅಂಟಿದ್ದು ಬಿಟ್ಟುಹೋಗುವುದು. ಅಂಗಿ ಕಳಚುವುದು 'ಟೇಕ್ ಆಫ್', ಸಿಪ್ಪೆ ಸುಲಿಯುವುದು 'ಪೀಲ್ ಆಫ್'. ಹಾಗಾದರೆ 'ಡ್ರೈ ಆಫ್' ಏನಾಗಬೇಕು? ಮೈಮೇಲಿನ ನೀರು ಹೋಗುವುದು, ಅಂದರೆ ಸ್ನಾನವಾದ ಮೇಲೆ ಟವೆಲಿನಿಂದ ಒರೆಸಿಕೊಳ್ಳುವುದು. 'ಔಟ್' ಎಂದರೆ ಒಳಗಿನದು ಹೊರಗೆ. 'ಡ್ರೈ ಔಟ್' ಎಂದರೆ ಒಳಗಿನ ತೇವವೆಲ್ಲ ಹೊರಟುಹೋಗಿ ಒಣಗುವುದು. ಹಸಿ ಮರದ ಹಲಗೆ, ತೆರೆದಿಟ್ಟ ಬ್ರೆಡ್ಡು, ಚಳಿಗಾಲದ ಚರ್ಮ ಹೀಗೆ ಒಣಗುತ್ತವೆ. 'ಡ್ರೈ ಅಪ್' ಎಂದರೆ ಪೂರ್ತಿ ಮುಗಿಯುವುದು, ಸೆಲೆಯೇ ಇಲ್ಲವಾಗುವುದು: ಬಾವಿ, ಕೆರೆ, ಸಂಘಕ್ಕೆ ಬರುತ್ತಿದ್ದ ದೇಣಿಗೆ. ರಂಗದ ಮೇಲೆ ಮಾತು ಮರೆತು ನಿಂತ ನಟನಿಗೂ ಬ್ರಿಟಿಷರು ಇದನ್ನೇ ಹೇಳುತ್ತಾರೆ. ಅವನ ಮಾತಿನ ಸೆಲೆ ಬತ್ತಿತು. ಇಲ್ಲಿ ಕನ್ನಡಕ್ಕೆ ಒಂದು ಸ್ವಾರಸ್ಯವಿದೆ. ಒಗೆದ ಬಟ್ಟೆ ಆರುತ್ತದೆ, ಕಟ್ಟಿಗೆ ಒಣಗುತ್ತದೆ, ಬಾವಿ ಬತ್ತುತ್ತದೆ. ನಾವು ಬೇರೆ ಬೇರೆ ಕ್ರಿಯಾಪದಗಳಿಂದ ಮಾಡುವ ವಿಂಗಡಣೆಯನ್ನು ಇಂಗ್ಲಿಷ್ ಒಂದೇ ಕ್ರಿಯಾಪದದ ಬಾಲ ಬದಲಿಸಿ ಮಾಡುತ್ತದೆ. ನಮ್ಮ ಗೆರೆಯೂ ಅವರ ಗೆರೆಯೂ ಎಲ್ಲ ಕಡೆ ಒಂದೇ ಜಾಗದಲ್ಲಿ ಬೀಳುವುದಿಲ್ಲ, ಮತ್ತು ಮಣ್ಣು ಒಣಗಿದ್ದಕ್ಕೆ ಅವರಲ್ಲೇ 'ಔಟ್' ಎನ್ನುವವರೂ 'ಅಪ್' ಎನ್ನುವವರೂ ಇದ್ದಾರೆ. ಆದರೂ ಬಾವಿಗೆ ಯಾರೂ 'ಆಫ್' ಎನ್ನುವುದಿಲ್ಲ.

ಇನ್ನು ಕಠಿಣವಾದ ಒಂದನ್ನು ಬಿಡಿಸೋಣ. ನಿಮ್ಮ ಗೈಡಿನಲ್ಲಿ 'ಮೇಕ್ ಅಪ್' ಎಂಬುದರ ಎದುರು ಐದಾರು ಅರ್ಥಗಳು ಸಾಲಾಗಿ ಇರುತ್ತವೆ. ಹನ್ನೊಂದು ಆಟಗಾರರು ಸೇರಿ ಒಂದು ತಂಡವಾಗುತ್ತದೆ ಎಂಬಲ್ಲಿ 'ಇಲೆವೆನ್ ಪ್ಲೇಯರ್ಸ್ ಮೇಕ್ ಅಪ್ ಎ ಟೀಮ್' ಎನ್ನುತ್ತಾರೆ. ಬಿಡಿ ಭಾಗಗಳು ಕೂಡಿ ಇಡೀ ಪೂರ್ತಿಯಾಯಿತು. ಚಂದಾಹಣಕ್ಕೆ 200 ರೂಪಾಯಿ ಕಡಿಮೆ ಬಿದ್ದಾಗ ಒಬ್ಬರು ಅದನ್ನು ತುಂಬಿಕೊಟ್ಟರೆ ಅದೂ 'ಮೇಕ್ ಅಪ್', ಕೊರತೆ ತುಂಬಿತು. ಹಾಳಾದ ಸಮಯವನ್ನು ಸರಿದೂಗಿಸುವುದು 'ಮೇಕ್ ಅಪ್ ಫಾರ್'. ಇದೂ ಕೊರತೆ ತುಂಬುವುದೇ. ಜಗಳವಾಡಿದ ಗೆಳೆಯರು ರಾಜಿಯಾದರೆ ನಡುವಿನ ಬಿರುಕು ಮುಚ್ಚಿತು. ತೂಗುಯ್ಯಾಲೆಯಾಡುತ್ತಿದ್ದ ಮನಸ್ಸು ಒಂದು ತೀರ್ಮಾನಕ್ಕೆ ಬಂದು ನಿಂತರೆ 'ಮೇಕ್ ಅಪ್ ಯುವರ್ ಮೈಂಡ್'; ತೆರೆದಿದ್ದ ಪ್ರಶ್ನೆ ಮುಚ್ಚಿತು. ಹೀಗೆ ಐದು ಬೇರೆ ಅರ್ಥಗಳಂತೆ ಕಂಡವು ಪೂರ್ತಿಯ ಗುಂಪಿನೊಳಗೇ ಹತ್ತಿರ ಹತ್ತಿರ ಕುಳಿತವು. ಉಳಿದದ್ದು ಸುಳ್ಳು ಕಥೆ ಹೆಣೆಯುವ 'ಮೇಕ್ ಅಪ್ ಎ ಸ್ಟೋರಿ'. ಇದನ್ನು ನಾನು ಇಲ್ಲದ್ದು ಉಂಟಾಗುವ ಮೂರನೆಯ ಗುಂಪಿಗೆ ಹಾಕುತ್ತೇನೆ. ಕನ್ನಡದಲ್ಲೂ ಕಥೆ 'ಕಟ್ಟುತ್ತಾರೆ', ಗೋಡೆ ಕಟ್ಟಿ ಮೇಲೇಳಿಸುವಂತೆ. ಇನ್ನೊಬ್ಬ ಅಧ್ಯಾಪಕರು ಇದನ್ನು ಬೇರೆ ಕಡೆ ಇಟ್ಟರೆ ನಾನು ವಾದಕ್ಕೆ ಹೋಗುವುದಿಲ್ಲ. ನಿಮಗೆ ನೆನಪಿನಲ್ಲಿ ನಿಲ್ಲುವ ಜಾಗ ಯಾವುದೋ ಅದು ಸರಿಯಾದ ಜಾಗ, ಏಕೆಂದರೆ ಈ ಗುಂಪುಗಳು ವ್ಯಾಕರಣದ ನಿಯಮಗಳಲ್ಲ, ನೆನಪಿಗೆ ಹೊಡೆದ ಗೂಟಗಳು.

ಯಾವ ಗೂಟಕ್ಕೂ ಕಟ್ಟಲಾಗದವು ಕೆಲವು ಇದ್ದೇ ಇರುತ್ತವೆ. ಸಹಿಸಿಕೊಳ್ಳುವುದು ಎಂಬ ಅರ್ಥದ 'ಪುಟ್ ಅಪ್ ವಿತ್' ಅಂಥದು. ಅದಕ್ಕೊಂದು ನಂಟು ಹೊಸೆಯಲು ಒದ್ದಾಡುವುದಕ್ಕಿಂತ ಇಡಿಯಾಗಿ ಬಾಯಿಪಾಠ ಮಾಡುವುದೇ ಕಡಿಮೆ ಶ್ರಮ.

ಗುಂಪು ಮಾಡುವುದರಿಂದ ಬರುವ ಒಂದು ಅಪಾಯವನ್ನೂ ಹೇಳಬೇಕು, ಏಕೆಂದರೆ ಅದು ನಮ್ಮ ದೇಶದ ಇಂಗ್ಲಿಷಿನಲ್ಲಿ ಈಗಾಗಲೇ ಬೇರೂರಿದೆ. ಒತ್ತಡವನ್ನು ನಿಭಾಯಿಸುವುದಕ್ಕೆ ನಮ್ಮವರು 'ಕೋಪ್ ಅಪ್ ವಿತ್' ಎಂದು ಬರೆಯುತ್ತಾರೆ. ಸರಿಯಾದದ್ದು 'ಕೋಪ್ ವಿತ್' ಮಾತ್ರ. 'ಕೀಪ್ ಅಪ್ ವಿತ್', 'ಕ್ಯಾಚ್ ಅಪ್ ವಿತ್', 'ಪುಟ್ ಅಪ್ ವಿತ್' ಎಂಬವುಗಳ ಸಹವಾಸದಲ್ಲಿ 'ಕೋಪ್'ಗೂ ಒಂದು 'ಅಪ್' ಅಂಟಿಕೊಂಡಿದೆ. ವಾಕ್ಯ ತಿದ್ದುವ ಪ್ರಶ್ನೆಗಳಲ್ಲಿ ಇದನ್ನು ಕೇಳಲು ಪರೀಕ್ಷಕರಿಗೆ ಬಹಳ ಇಷ್ಟ. ಗುಂಪಿನ ಅರ್ಥ ಹೊಂದುತ್ತದೆ ಎಂದ ಮಾತ್ರಕ್ಕೆ ನೀವೇ ಹೊಸ ಜೋಡಿಯನ್ನು ಹುಟ್ಟಿಸಬಾರದು. ಓದಿನಲ್ಲಿ ಅಥವಾ ನಿಘಂಟಿನಲ್ಲಿ ಕಂಡ ಜೋಡಿಯನ್ನು ಗುಂಪಿಗೆ ಸೇರಿಸಬೇಕು.

ಗುಂಪಿಗೆ ಸೇರಿಸುವ ಮುನ್ನ ಅದು ನಿಜವಾಗಿ ಪಾರ್ಟಿಕಲ್ ಹೌದೇ ಎಂದೂ ನೋಡಬೇಕು. 'ರ‍್ಯಾನ್ ಅಪ್ ಎ ಬಿಲ್' ಎಂದರೆ ಸಾಲದ ಲೆಕ್ಕ ಬೆಳೆಸಿದ, 'ರ‍್ಯಾನ್ ಅಪ್ ಎ ಹಿಲ್' ಎಂದರೆ ಗುಡ್ಡ ಹತ್ತಿ ಓಡಿದ. ಬಿಲ್ಲಿನ 'ಅಪ್' ಅನ್ನು ಹಿಂದಕ್ಕೆ ಸರಿಸಿ 'ರ‍್ಯಾನ್ ಎ ಬಿಲ್ ಅಪ್' ಎನ್ನಬಹುದು. ಗುಡ್ಡದ 'ಅಪ್' ಸರಿಯುವುದಿಲ್ಲ, ಏಕೆಂದರೆ ಅದು ಗುಡ್ಡಕ್ಕೆ ಸೇರಿದ ಪ್ರಿಪೊಸಿಷನ್. ಕರ್ಮಪದದ ಜಾಗದಲ್ಲಿ 'ಇಟ್', 'ದೆಮ್' ಬಂದರೆ ಪಾರ್ಟಿಕಲ್ ಹಿಂದಕ್ಕೆ ಸರಿಯಲೇಬೇಕು: 'ಯೂಸ್ ಇಟ್ ಅಪ್' ಸರಿ, 'ಯೂಸ್ ಅಪ್ ಇಟ್' ತಪ್ಪು.

ನಿಮ್ಮ 400ರ ಪಟ್ಟಿಯನ್ನು ಎಸೆಯಬೇಡಿ. ಅದು ಕಚ್ಚಾ ಸಾಮಗ್ರಿ. ಅದರಿಂದ 'ಅಪ್' ಇರುವವನ್ನು ಮಾತ್ರ ಆರಿಸಿ, ಒಂದು ನೋಟ್‌ಬುಕ್ಕಿನಲ್ಲಿ ಏರುವುದು, ಹೆಚ್ಚುವುದು, ಕಾಣಿಸಿಕೊಳ್ಳುವುದು, ಸರಿಗಟ್ಟುವುದು, ಪೂರ್ತಿಯಾಗುವುದು ಎಂಬ ಐದು ಪುಟಗಳಿಗೆ ಹಂಚಿ. ಪ್ರತಿಯೊಂದಕ್ಕೂ ಮೊದಲು ಒಂದು ಕನ್ನಡ ವಾಕ್ಯ, ಅದರ ಕೆಳಗೆ ಕರ್ಮಪದ ಸಹಿತವಾದ ಒಂದು ಇಂಗ್ಲಿಷ್ ವಾಕ್ಯ ಬರೆಯಿರಿ. ಕನ್ನಡ ವಾಕ್ಯದಲ್ಲಿ ಏರು, ಎತ್ತು, ಬಿಡು, ಹಾಕು, ಹೋಗು ಇವುಗಳಲ್ಲಿ ಯಾವುದಾದರೂ ತಾನಾಗಿ ಬಂದರೆ ಅದರ ಕೆಳಗೆ ಗೆರೆ ಎಳೆಯಿರಿ. ಅದೇ ನಿಮ್ಮ ಗೂಟ. ಯಾವುದೂ ಬಾರದಿದ್ದರೆ ಆ ಪದವನ್ನು ಆರನೆಯ ಪುಟಕ್ಕೆ, ಅಂದರೆ ಬಾಯಿಪಾಠದ ಪುಟಕ್ಕೆ ಸಾಗಿಸಿ. ದಿನಕ್ಕೆ ಏಳೆಂಟು ಸಾಕು. ಒಂದೇ ಕ್ರಿಯಾಪದದ ಐದಾರು ರೂಪಗಳನ್ನು ಹೊಸದಾಗಿ ಕಲಿಯುವ ದಿನ ಒಟ್ಟಿಗೆ ತರಬೇಡಿ. 'ಡ್ರೈ'ನಂಥ ತ್ರಿವಳಿಗಳನ್ನು ಮೂರು ಪಾರ್ಟಿಕಲ್‌ಗಳೂ ಬೇರೆ ಬೇರೆಯಾಗಿ ಪಳಗಿದ ಮೇಲೆ ಎದುರುಬದುರು ಇಟ್ಟುಕೊಳ್ಳಿ.

ವಾರದ ಕೊನೆಗೆ ಪರೀಕ್ಷಿಸಿಕೊಳ್ಳುವಾಗ ಅರ್ಥ ಮುಚ್ಚಿ ಅರ್ಥ ಹೇಳುವ ಅಭ್ಯಾಸ ಬೇಡ. ವಾಕ್ಯದಲ್ಲಿ ಪಾರ್ಟಿಕಲ್ ಒಂದನ್ನೇ ಬೆರಳಿನಿಂದ ಮುಚ್ಚಿ, ಅದು ಏನೆಂದು ಹೇಳಲು ಯತ್ನಿಸಿ. ನಿಮ್ಮ ತಪ್ಪುಗಳೇ ಆಗ ಮಾತಾಡತೊಡಗುತ್ತವೆ. ಪತ್ರ ಹರಿದುಹಾಕಿದ ವಾಕ್ಯಕ್ಕೆ 'ಔಟ್' ಎಂದು ಹೇಳಿದರೆ ನೀವು ಚೂರಾಗುವುದನ್ನು ನೋಡದೆ, ನೋಟ್‌ಬುಕ್ಕಿನಿಂದ ಹಾಳೆ ಕಿತ್ತು ತೆಗೆಯುವುದನ್ನು ಕಲ್ಪಿಸಿಕೊಂಡಿದ್ದೀರಿ. ಅದಕ್ಕೆ 'ಟೇರ್ ಔಟ್' ಎಂಬ ಮಾತು ಇದ್ದೇ ಇದೆ. ಪದ ಮರೆತದ್ದಲ್ಲ, ಚಿತ್ರ ಅದಲುಬದಲಾದದ್ದು ಎಂದು ಗೊತ್ತಾದರೆ ತಿದ್ದಿಕೊಳ್ಳುವುದು ಸುಲಭ.

ಈ ದಾರಿ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಹೌದು ಎಂದೂ ಒಂದು ಮಿತಿಯೊಳಗೆ ಎಂದೂ ಉತ್ತರಿಸಬೇಕು. ಫ್ರಾಂಕ್ ಬೋರ್ಸ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ರೆಂಚ್ ಭಾಷಿಕ ವಿದ್ಯಾರ್ಥಿಗಳನ್ನು ಎರಡು ತಂಡ ಮಾಡಿ, ಒಂದು ತಂಡಕ್ಕೆ ಫ್ರೇಸಲ್ ವರ್ಬ್‌ಗಳನ್ನು ಅವುಗಳ ಹಿಂದಿನ ಚಿತ್ರದ ಪ್ರಕಾರ ಗುಂಪು ಮಾಡಿ ಕೊಟ್ಟರು, ಇನ್ನೊಂದಕ್ಕೆ ಹಾಗೆ ಗುಂಪು ಮಾಡದ ಸಾಧಾರಣ ಪಟ್ಟಿ ಕೊಟ್ಟರು. ಗುಂಪಿನಲ್ಲಿ ಕಲಿತವರು ಕಲಿತ ಪದಗಳಲ್ಲಿ ಮುಂದಿದ್ದರು. ಪಟ್ಟಿಯಲ್ಲಿಲ್ಲದ ಹೊಸ ಪದಗಳು ಎದುರಾದಾಗ ಅವರಿಗೆ ಅಂಥ ಮೇಲುಗೈ ಸಿಗಲಿಲ್ಲ. ನನ್ನ ತರಗತಿಗಳಲ್ಲಿ ನಾನು ಕಂಡಿರುವುದೂ ಹೆಚ್ಚುಕಡಿಮೆ ಇದೇ. ಗುಂಪು ನೆನಪಿಗೆ ನೆರವಾಗುತ್ತದೆ. ಊಹೆ ಮಾತ್ರ ತಾನಾಗಿ ಬರುವುದಿಲ್ಲ, ಅದನ್ನು ಬೇರೆಯಾಗಿ ರೂಢಿಸಿಕೊಳ್ಳಬೇಕು. ಅದಕ್ಕೆ ಪತ್ರಿಕೆ ಓದುವಾಗ ಕಂಡ ಹೊಸ ಜೋಡಿಯ ಅರ್ಥವನ್ನು ನಿಘಂಟು ತೆರೆಯುವ ಮೊದಲು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಡಿ. ಉದಾಹರಣೆಗೆ ತುಂಗಭದ್ರಾ ಜಲಾಶಯದ ಕುರಿತ ಇಂಗ್ಲಿಷ್ ವರದಿಯಲ್ಲಿ 'ಸಿಲ್ಟ್ ಅಪ್' ಕಂಡಿತೆನ್ನಿ. 'ಸಿಲ್ಟ್' ಎಂದರೆ ಹೂಳು ಎಂದು ಗೊತ್ತಿದ್ದರೆ ಸಾಕು. ಏರುವುದೇ? ಹೂಳಿನ ಮಟ್ಟ ಏರುತ್ತದೆ, ಹೊಂದುತ್ತದೆ. ಪೂರ್ತಿಯೇ? ಹೂಳು ತುಂಬಿಕೊಳ್ಳುತ್ತದೆ, ಅದೂ ಹೊಂದುತ್ತದೆ. ಕೊಡ ತುಂಬುವ ಅದೇ ಚಿತ್ರ, ನೀರಿನ ಜಾಗದಲ್ಲಿ ಮಣ್ಣು. ಈಗ ನಿಘಂಟು ತೆರೆದು ನೋಡಿ.

ಪರೀಕ್ಷೆಯ ಕೋಣೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ 'ಅಪ್, ಆಫ್, ಔಟ್, ಡೌನ್' ಎಂಬ ನಾಲ್ಕು ಆಯ್ಕೆಗಳಿದ್ದು, ವಾಕ್ಯ 'ದಿ ಫಂಡ್ಸ್ ಹ್ಯಾವ್ ಡ್ರೈಡ್' ಎಂದು ನಿಂತಿದ್ದರೆ ಪಟ್ಟಿಯನ್ನು ನೆನೆಯಲು ಹೋಗಬೇಡಿ. ಹಣ ಮೇಲ್ಮೈಗೆ ಅಂಟಿದ್ದಲ್ಲ, 'ಆಫ್' ಹೋಯಿತು. ಹಣದ ಒಳಗೆ ತೇವವಿಲ್ಲ, 'ಔಟ್' ಹೋಯಿತು. 'ಡೌನ್' ಎಂದರೆ ಕೆಳಗಿಳಿಯುವುದು, ನೆಲಕ್ಕೆ ಬೀಳುವುದು. 'ಡ್ರೈ' ಅದನ್ನು ಸೇರಿಸಿಕೊಳ್ಳುವುದನ್ನು ನೀವು ಎಲ್ಲೂ ಕಂಡಿಲ್ಲ. ಹಣ ಹರಿದುಬರುತ್ತಿತ್ತು, ಈಗ ಬತ್ತಿಹೋಗಿದೆ.